ಸೂರ್ಯನನ್ನು ಹೊರಗಿಟ್ಟ ಕೋಣೆ

ಕಿರಂಗೂರಿನ ನಮ್ಮ ಹಳೇ ಮನೆಯ ನಡುಮನೆಯಲ್ಲಿ, ಮಂಗಳೂರು ಹೆಂಚುಗಳ ನಡುವೆ ಒಂದೇ ಒಂದು ಗಾಜಿನ ಹೆಂಚಿದೆ. ಬೆಳಿಗ್ಗೆ ಅದರಿಂದ ಇಳಿಯುವ ಬಿಸಿಲಿನ ಚೌಕ ಪಡುವಣ ಗೋಡೆಯ ಮೇಲೆ ಕೂತಿರುತ್ತದೆ. ಹೊತ್ತು ಏರಿದ ಹಾಗೆ ಗೋಡೆಯಿಂದ ಕೆಳಗಿಳಿದು, ಕೆಂಪು ಗಾರೆಯ ನೆಲವನ್ನು ದಾಟಿ, ಸಂಜೆಗೆ ಮೂಡಣ ಗೋಡೆ ಹತ್ತಿ ಕರಗಿಹೋಗುತ್ತದೆ. ಚಿಕ್ಕವನಿದ್ದಾಗ ನನಗೆ ಅದು ಗಡಿಯಾರ. ಚೌಕ ರಾಗಿ ಕಲ್ಲಿನ ಹತ್ತಿರ ಬಂತೆಂದರೆ ಅವ್ವ ಮುದ್ದೆಗೆ ಎಸರಿಡುತ್ತಿದ್ದಳು. ಅಷ್ಟು ಪ್ರೀತಿಯ ಬಿಸಿಲು ಈಗ ನನಗೆ ಕಿರಿಕಿರಿಯಾಗಿದೆ. ಯಾಕೆಂದರೆ ಆ ಕೋಣೆಯ ಮೇಜಿನ ಮೇಲೆ ಒಂದು ಗೇಣಿಗಿಂತ ಚೂರು ಚಿಕ್ಕವನಾದ ಮಣ್ಣಿನ ಅಜ್ಜನೊಬ್ಬ ನಿಂತಿದ್ದಾನೆ. ಅವನು ನಡೆಯಬೇಕು, ಅವನು ಮಾತ್ರ ನಡೆಯಬೇಕು.

ಅಜ್ಜನ ಕತೆ ಬಹಳ ಸಣ್ಣದು. ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವ ಬನ್ನಿಮಂಟಪ ನಮ್ಮೂರಿನಲ್ಲೇ ಇರುವುದು. ದಸರೆಯ ಮಾರನೆಯ ದಿನ ಜನ ಕರಗಿದ ಮೇಲೆ ಅಜ್ಜ ಅಲ್ಲಿಗೆ ಬರುತ್ತಾನೆ, ನಾಲ್ಕು ಹೆಜ್ಜೆ ಹಾಕಿ ನಿಲ್ಲುತ್ತಾನೆ, ಬಗ್ಗಿ ನೆಲಕ್ಕೆ ಬಿದ್ದ ಬನ್ನಿಯ ಎಸಳೊಂದನ್ನು ಎತ್ತಿಕೊಂಡು ಮೇಲೇಳುತ್ತಾನೆ. ಅಷ್ಟೇ. ಪರದೆಯ ಮೇಲೆ ಅದಕ್ಕೆ ಎಂಟು ಸೆಕೆಂಡು ಸಾಕು. ಆದರೆ ಸ್ಟಾಪ್ ಮೋಷನ್ ಅಂದರೆ ಗೊಂಬೆಯನ್ನು ಕೂದಲೆಳೆಯಷ್ಟು ಕದಲಿಸಿ ಒಂದು ಫೋಟೊ, ಮತ್ತೆ ಕದಲಿಸಿ ಇನ್ನೊಂದು ಫೋಟೊ. ಕೈ, ಕಾಲು, ತಲೆ ಎಲ್ಲವನ್ನೂ ನೋಡಿ ಸರಿಪಡಿಸಿ ಒಂದು ಭಂಗಿ ಹಿಡಿಯಲು ನಾಲ್ಕು ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಸೂರ್ಯ ಆಕಾಶದಲ್ಲಿ ಒಂದು ಡಿಗ್ರಿ ಸರಿಯುವುದಕ್ಕೂ ಅದೇ ನಾಲ್ಕು ನಿಮಿಷ ಸಾಕು. ಅಂದರೆ ಅಜ್ಜನ ಪ್ರತಿ ಭಂಗಿಗೂ ಸೂರ್ಯ ಒಂದೊಂದು ಡಿಗ್ರಿ ನಡೆದಿರುತ್ತಾನೆ. ಪರದೆಯ ಒಂದು ಸೆಕೆಂಡಿಗೆ ಹನ್ನೆರಡು ಭಂಗಿ; ಆ ಒಂದು ಸೆಕೆಂಡಿನಲ್ಲಿ ಮುಕ್ಕಾಲು ಗಂಟೆಗೂ ಮಿಕ್ಕಿದ ಹಗಲು ಓಡಿಹೋಗುತ್ತದೆ. ಅಜ್ಜ ಒಂದೊಂದಾಗಿ ಹೆಜ್ಜೆ ಇಡುವಾಗ ಅವನ ನೆರಳು ನೆಲದ ಮೇಲೆ ಬೀಸಣಿಗೆಯ ಹಾಗೆ ಸುತ್ತುತ್ತದೆ. ನೋಡುವವರ ಕಣ್ಣು ಅಜ್ಜನನ್ನು ಬಿಟ್ಟು ನೆರಳಿನ ಹಿಂದೆ ಹೋಗುತ್ತದೆ.

ಇದರಿಂದ ನನಗೆ ಮನದಟ್ಟಾದದ್ದು ಒಂದೇ. ಈ ಕಲೆಯಲ್ಲಿ ಚಲನೆಯನ್ನು ಕಟ್ಟುವುದು ಅರ್ಧ ಕೆಲಸ. ಚಲಿಸಬಾರದ್ದನ್ನೆಲ್ಲ ದಿನದಿಂದ ದಿನಕ್ಕೆ ಇದ್ದಲ್ಲೇ ಹಿಡಿದು ನಿಲ್ಲಿಸುವುದು ಉಳಿದರ್ಧ. ಯೋಜನೆ ಬೇಕಾಗುವುದು ಮುಖ್ಯವಾಗಿ ಆ ಎರಡನೆಯ ಅರ್ಧಕ್ಕೆ.

ನಮ್ಮ ದೇಶದ ಸಿನಿಮಾದ ಆರಂಭದಲ್ಲೇ ಇದರ ತಿರುವುಮುರುವಾದ ಒಂದು ಉದಾಹರಣೆ ಇದೆ. ದಾದಾಸಾಹೇಬ್ ಫಾಲ್ಕೆ 1912ರಲ್ಲಿ, ‘ರಾಜಾ ಹರಿಶ್ಚಂದ್ರ’ಕ್ಕೂ ಮೊದಲು, ಬಟಾಣಿ ಗಿಡವೊಂದು ಬೆಳೆಯುವುದನ್ನು ಬಿಡಿಬಿಡಿ ಚೌಕಟ್ಟುಗಳಲ್ಲಿ ಸೆರೆಹಿಡಿದರು. ಕ್ಯಾಮೆರಾ ಕದಲಲಿಲ್ಲ, ಗಿಡ ಮಾತ್ರ ತನ್ನಷ್ಟಕ್ಕೆ ಬೆಳೆಯಿತು. ದಿನಗಟ್ಟಲೆಯ ಬೆಳವಣಿಗೆ ಪರದೆಯ ಮೇಲೆ ಕ್ಷಣಗಳಲ್ಲಿ ಮುಗಿಯಿತು. ಹಣ ಹಾಕುವವರಿಗೆ ಸಿನಿಮಾದ ಶಕ್ತಿ ಏನೆಂದು ತೋರಿಸಲು ಅವರಿಗೆ ಅದು ನೆರವಾಯಿತು. ಅದೇ ಬೆಳವಣಿಗೆ ಬೇಡದ ಕಡೆ ಕಾಣಿಸಿಕೊಂಡರೆ? 1933ರ ‘ಕಿಂಗ್ ಕಾಂಗ್’ ಚಿತ್ರದ ಗೊಂಬೆ ಕಾಡಿನಲ್ಲಿ ನಿಜವಾದ ಗಿಡಗಳೂ ಇದ್ದವಂತೆ. ಚಿತ್ರೀಕರಣ ನಡೆಯುತ್ತಿದ್ದ ಹಾಗೇ ಅವುಗಳಲ್ಲೊಂದು ಹೂ ಬಿಟ್ಟಿತು, ಯಾರಿಗೂ ತಿಳಿಯಲಿಲ್ಲ, ಆಮೇಲೆ ಪರದೆಯ ಮೇಲೆ ನೋಡಿದಾಗ ದೈತ್ಯ ಕೋತಿಯ ಹಿಂದೆ ಹೂವೊಂದು ಸರಸರನೆ ಅರಳುತ್ತಿತ್ತು ಎಂದು ಆ ಚಿತ್ರದ ಬಗ್ಗೆ ಬರೆದವರು ಹೇಳುತ್ತಾರೆ. ದಿನವಿಡೀ ಮಾಡಿದ ಕೆಲಸ ಹೋಯಿತು.

ನನ್ನ ಅಕ್ಕನ ಮಗಳಿಗೆ ಈ ಕತೆ ಹೇಳಿದ್ದು ಒಳ್ಳೆಯದಾಯಿತು. ಅವಳು ನಮ್ಮ ಸೆಟ್ಟಿಗೆ ನಿಜವಾದ ಬನ್ನಿ ಸೊಪ್ಪನ್ನೇ ತರಬೇಕೆಂದು ಹಟ ಹಿಡಿದಿದ್ದಳು. ‘ಮಾವ, ಬನ್ನಿ ಎಲೆ ಎಷ್ಟು ಚೆಂದ ಗೊತ್ತಾ? ಪೇಪರಲ್ಲಿ ಅದು ಬರಲ್ಲ’ ಅಂದಳು. ಕೊಂಬೆಯಿಂದ ಕಿತ್ತ ಬನ್ನಿಯ ಕಿರಿ ಎಲೆಗಳು ದೀಪದ ಕೆಳಗೆ ಒಂದೆರಡು ಗಂಟೆಯಲ್ಲೇ ಮುದುಡುತ್ತವೆ. ಪರದೆಯಲ್ಲಿ ಅದು ಅಜ್ಜನ ಎದುರಲ್ಲೇ ಎಸಳು ಕೈಮುಗಿದಂತೆ ಕಾಣುತ್ತದೆ. ಕಾಂಗ್‌ನ ಹೂವಿನ ಸುದ್ದಿ ಕೇಳಿದ ಮೇಲೆ ಅವಳೇ ಹಸಿರು ಕಾಗದವನ್ನು ಕಿರುಬೆರಳ ಉಗುರಿಗಿಂತ ಚಿಕ್ಕದಾಗಿ ಕತ್ತರಿಸಿ, ತೆಳು ತಂತಿಗೆ ಒಂದೊಂದನ್ನೇ ಅಂಟಿಸಿದಳು. ನೆಲದ ಮೇಲಿನ ಪ್ರತಿ ಕಲ್ಲಿಗೂ ಬಿಸಿ ಅಂಟು ಹಾಕಿದೆವು. ಕೈ ತಾಗಿದರೂ ಕದಲಬಾರದು.

ಬಿಸಿಲಿಗೆ ಉಪಾಯ ಸರಳ: ಒಳಗೆ ಬಿಡದಿರುವುದು. ಗಾಜಿನ ಹೆಂಚಿನ ಕೆಳಗೆ ಕಪ್ಪು ಬಟ್ಟೆ ಎರಡು ಪದರ ಕಟ್ಟಿದೆವು, ಕಿಟಕಿಗಳಿಗೆ ರಟ್ಟು ಹೊಡೆದೆವು, ಬಾಗಿಲ ಸಂದಿಗೆ ಗೋಣಿ ತುರುಕಿದೆವು. ಅವ್ವ ಬಂದು ನೋಡಿ, ‘ಅದ್ಯಾಕಪ್ಪಾ, ಹಗಲೊತ್ನಲ್ಲೇ ಸೂರ್ಯಂಗೆ ಬಾಗ್ಲು ಹಾಕ್ತಿದ್ದೀಯ?’ ಅಂದಳು. ದೀಪ ಆರಿಸಿ ಐದು ನಿಮಿಷ ಕತ್ತಲಲ್ಲಿ ಕೂತರೆ ಎಲ್ಲೆಲ್ಲಿ ಬೆಳಕು ಸೋರುತ್ತಿದೆ ಎಂದು ಕಣ್ಣಿಗೇ ತಿಳಿಯುತ್ತದೆ. ಕ್ಯಾಮೆರಾದಲ್ಲಿ ದೀಪವಿಲ್ಲದೆ ಒಂದು ಚಿತ್ರ ತೆಗೆದು ನೋಡಬೇಕು. ಚಿತ್ರೀಕರಣಕ್ಕೆ ಇಟ್ಟುಕೊಂಡ ಲೆಕ್ಕದಲ್ಲೇ ಅದು ಪೂರ್ತಿ ಕಪ್ಪಾಗಿ ಬಂದರೆ ಹೊರಗಿನ ಹಗಲು ನಮ್ಮ ಚಿತ್ರಕ್ಕೆ ಸೇರುತ್ತಿಲ್ಲ ಎಂದರ್ಥ.

ಸೂರ್ಯ ಹೋದ ಮೇಲೆ ಕರೆಂಟಿನ ಸರದಿ. ನಮ್ಮ ಕಡೆ ತ್ರೀ ಫೇಸ್ ಬಂತೆಂದರೆ ಸುತ್ತಲ ಗದ್ದೆ, ಕಬ್ಬಿನ ತೋಟಗಳ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಗುಂಯ್‌ಗುಟ್ಟತೊಡಗುತ್ತವೆ, ಮನೆಯ ಬಲ್ಬು ಮಂಕಾಗುತ್ತದೆ. ಹಳೆಯ ತಂತಿ ಬಲ್ಬಿನಲ್ಲಿ ಇದು ನಾವು ಅಂದುಕೊಳ್ಳುವುದಕ್ಕಿಂತ ದೊಡ್ಡ ವ್ಯತ್ಯಾಸ. ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ, ಬಣ್ಣವೂ ಹಳದಿಗೆ ವಾಲುತ್ತದೆ. ಕಣ್ಣು ಅದಕ್ಕೆ ಹೊಂದಿಕೊಂಡುಬಿಡುತ್ತದೆ, ಕ್ಯಾಮೆರಾ ಹೊಂದಿಕೊಳ್ಳುವುದಿಲ್ಲ. ಆ ಫೋಟೊಗಳನ್ನು ಜೋಡಿಸಿ ಓಡಿಸಿದಾಗ ಚಿತ್ರ ಮಿಣುಕುತ್ತದೆ. ಅದಕ್ಕೇ ಒಳ್ಳೆಯ ಡ್ರೈವರ್ ಇರುವ ಎಲ್‌ಇಡಿ ದೀಪಗಳನ್ನು ಇನ್ವರ್ಟರಿನ ಮೂಲಕ ಉರಿಸುವುದು. ಪಂಪು ಓಡಲಿ, ನಿಲ್ಲಲಿ, ಅಜ್ಜನ ಬಿಸಿಲಿಗೆ ಅದು ತಟ್ಟುವುದಿಲ್ಲ. ಕ್ಯಾಮೆರಾಕ್ಕೂ ಬ್ಯಾಟರಿ ಬದಲು ಅಡಾಪ್ಟರು. ನಡುವೆ ಬ್ಯಾಟರಿ ಬದಲಿಸಲು ಹೋದರೆ ಕ್ಯಾಮೆರಾ ಒಂದು ಕೂದಲೆಳೆಯಷ್ಟಾದರೂ ಕದಲುತ್ತದೆ, ಆಗ ಊರಿಗೆ ಊರೇ ಪಕ್ಕಕ್ಕೆ ಜಿಗಿದಂತೆ ಕಾಣುತ್ತದೆ.

ಮಿಣುಕಿಗೆ ಇನ್ನೊಂದು ಕಾರಣ ಕ್ಯಾಮೆರಾದ ಒಳಗೇ ಇದೆ. ಅದು ತಾನಾಗಿ ತೀರ್ಮಾನಿಸುವ ಪ್ರತಿಯೊಂದನ್ನೂ, ಅಂದರೆ ಬೆಳಕಿನ ಅಳತೆ, ಬಣ್ಣದ ಹದ, ಫೋಕಸ್ಸು, ಎಲ್ಲವನ್ನೂ ಕೈಯಿಂದ ಗೊತ್ತುಮಾಡಿ ಬಿಗಿಯಬೇಕು. ಅಷ್ಟು ಮಾಡಿದ ಮೇಲೂ ಇಂದಿನ ಲೆನ್ಸುಗಳು ಪ್ರತಿ ಫೋಟೊಗೂ ತಮ್ಮ ರಂಧ್ರವನ್ನು ತೆರೆದು ಮುಚ್ಚುತ್ತವೆ, ಪ್ರತಿ ಸಲವೂ ಒಂದೇ ಅಳತೆಗೆ ಬಂದು ನಿಲ್ಲುವುದಿಲ್ಲ. ಒಂದು ಫೋಟೊದಲ್ಲಿ ಆ ವ್ಯತ್ಯಾಸ ಯಾರಿಗೂ ತಿಳಿಯದು, ಸೆಕೆಂಡಿಗೆ ಹನ್ನೆರಡಾದಾಗ ಕಣ್ಣಿಗೆ ಚುಚ್ಚುತ್ತದೆ. ರಂಧ್ರವನ್ನು ಕೈಯಿಂದ ತಿರುಗಿಸಿ ನಿಲ್ಲಿಸುವ ಹಳೆಯ ಲೆನ್ಸು ಇದಕ್ಕೆ ಪಕ್ಕಾ ಮದ್ದು.

ಮರೆತುಹೋಗುವಂಥ ಇನ್ನೊಂದು ದೀಪ ಇದೆ: ನಾವೇ. ಬಿಳಿ ಅಂಗಿ ತೊಟ್ಟು ಮೇಜಿನ ಬಳಿ ನಿಂತರೆ ಅಂಗಿಯಿಂದ ಪುಟಿದ ಬೆಳಕು ಅಜ್ಜನ ಕೆನ್ನೆಗೆ ಬೀಳುತ್ತದೆ. ಅದಕ್ಕೆ ಈ ಕೋಣೆಯಲ್ಲಿ ಕಪ್ಪು ಬಟ್ಟೆಯೇ ಸಮವಸ್ತ್ರ. ಫೋಟೊ ತೆಗೆಯುವಾಗ ನಾವಿಬ್ಬರೂ ನೆಲದ ಮೇಲೆ ಬಳಪದಿಂದ ಗುರುತು ಮಾಡಿದ ಜಾಗಕ್ಕೇ ಹೋಗಿ ನಿಲ್ಲುತ್ತೇವೆ. ದೀಪದ ಸ್ಟ್ಯಾಂಡುಗಳ ಕಾಲಿಗೂ ಬಳಪದ ಗೆರೆ, ಮೇಲೆ ಮರಳಿನ ಚೀಲ. ಒಂದು ಮೀಟರ್ ದೂರದಲ್ಲಿರುವ ದೀಪ ಐದು ಸೆಂಟಿಮೀಟರ್ ಹಿಂದೆ ಸರಿದರೂ ಬೆಳಕು ಶೇಕಡಾ 9ರಷ್ಟು ಕಡಿಮೆಯಾಗುತ್ತದೆ. ಕಸ ಗುಡಿಸುವ ಪೊರಕೆ ತಾಗಿದರೆ ಸಾಕು, ಅಷ್ಟು ಸರಿದಿರುತ್ತದೆ.

ನಾಳೆ ಬೆಳಿಗ್ಗೆ ಇವತ್ತಿನ ಬೆಳಕೇ ಇದೆಯೆಂದು ತಿಳಿಯುವುದು ಹೇಗೆ? ಅದಕ್ಕೆ ಸೆಟ್ಟಿನ ಮೂಲೆಯಲ್ಲಿ, ಚಿತ್ರದ ಚೌಕಟ್ಟಿನಿಂದ ಆಚೆ, ಒಂದು ಉದ್ದನೆಯ ಮೊಳೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳಿನ ತುದಿಗೆ ಕಾಗದದ ಮೇಲೆ ಪೆನ್ಸಿಲ್ಲಿನ ಚುಕ್ಕೆ ಇಟ್ಟಿದ್ದೇವೆ. ದೀಪ ಎತ್ತಲಾದರೂ ಸರಿದಿದ್ದರೆ ನೆರಳಿನ ತುದಿ ಚುಕ್ಕೆ ಬಿಟ್ಟು ಹೋಗಿರುತ್ತದೆ. ದಿಕ್ಕಿಗೆ ಮೊಳೆಯಾದರೆ ಪ್ರಮಾಣಕ್ಕೆ ಬೂದು ಬಣ್ಣದ ರಟ್ಟಿನ ತುಂಡು. ಅದನ್ನು ಚಿತ್ರದ ಅಂಚಿನಲ್ಲಿ, ಕೊನೆಗೆ ಕತ್ತರಿಸಿ ಹಾಕುವ ಜಾಗದಲ್ಲಿ, ಅಂಟಿಸಿಬಿಡುವುದು. ಪ್ರತಿ ಫೋಟೊದಲ್ಲೂ ಅದು ಬರುತ್ತದೆ, ನಿನ್ನೆಯ ಬೂದು ಇವತ್ತು ಬೆಳ್ಳಗೋ ಕಪ್ಪಗೋ ಹಳದಿಗೋ ತಿರುಗಿದ್ದರೆ ಪಕ್ಕಪಕ್ಕ ಇಟ್ಟಾಗ ಗೊತ್ತಾಗುತ್ತದೆ. ಬೆಳಿಗ್ಗೆ ದೀಪ ಹಚ್ಚಿ ಅರ್ಧ ಗಂಟೆ ಕಾಯ್ದ ಮೇಲೆ, ಅಜ್ಜನನ್ನು ಮುಟ್ಟದೆ, ನಿನ್ನೆ ಬಿಟ್ಟ ಭಂಗಿಯದೇ ಇನ್ನೊಂದು ಫೋಟೊ ತೆಗೆಯುತ್ತೇವೆ. ನಿನ್ನೆಯ ಕೊನೆಯದನ್ನೂ ಇವತ್ತಿನ ಮೊದಲನೆಯದನ್ನೂ ಪರದೆಯ ಮೇಲೆ ಒಂದಾದ ಮೇಲೊಂದು ಅದಲುಬದಲು ಮಾಡಿದರೆ ಏನೂ ಕದಲಬಾರದು. ಕದಲಿತು ಅಂದರೆ ಕದಲಿದ್ದು ಏನೆಂದು ಹುಡುಕಿ ಸರಿಪಡಿಸುವ ತನಕ ಕೆಲಸ ಶುರುವಿಲ್ಲ. ಮಿಣುಕನ್ನು ಆಮೇಲೆ ಕಂಪ್ಯೂಟರಿನಲ್ಲಿ ಸಮಮಾಡುವ ತಂತ್ರಾಂಶಗಳಿವೆ, ಆದರೆ ಅವು ಒಟ್ಟು ಬೆಳಕನ್ನು ಹೆಚ್ಚು ಕಡಿಮೆ ಮಾಡಬಲ್ಲವು ಅಷ್ಟೆ. ಪಕ್ಕಕ್ಕೆ ಸರಿದ ನೆರಳನ್ನು ಅವು ಹಿಂದಕ್ಕೆ ತರಲಾರವು.

ಇಷ್ಟಾದರೂ ರಾತ್ರಿ ಹೊತ್ತು ತಾನಾಗಿ ಕದಲುವವನು ಇನ್ನೊಬ್ಬನಿದ್ದಾನೆ, ಅವನೇ ಅಜ್ಜ. ಮಣ್ಣು ಅಂದೆನಲ್ಲ, ಅದು ಗೌರಿ-ಗಣೇಶನ ಜೇಡಿಮಣ್ಣಲ್ಲ. ಜೇಡಿ ಒಣಗಿ ಬಿರಿಯುತ್ತದೆ. ಇದು ಎಣ್ಣೆ, ಮೇಣ ಬೆರೆತ ಪ್ಲಾಸ್ಟಿಸಿನ್, ಎಷ್ಟು ದಿನವಾದರೂ ಮೆತ್ತಗಿರುತ್ತದೆ. ಮೆತ್ತಗಿರುವುದು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ, ಏಪ್ರಿಲ್ ತಿಂಗಳಲ್ಲಂತೂ ಇನ್ನೂ ಬೇಗ. ಅದಕ್ಕೇ ಒಳಗೆ ಮೂಳೆ ಬೇಕು, ಅದನ್ನೇ ಆರ್ಮೇಚರ್ ಅನ್ನುವುದು. ದೊಡ್ಡ ಗಣಪತಿ ಮಾಡುವವರೂ ಒಳಗೆ ಬಿದಿರು, ಹುಲ್ಲು ಕಟ್ಟುತ್ತಾರೆ, ಆದರೆ ಅದು ಅಲ್ಲಾಡದೆ ನಿಂತರೆ ಸಾಕು. ಅಜ್ಜನ ಮೂಳೆ ಬಗ್ಗಬೇಕು, ಬಗ್ಗಿಸಿದಲ್ಲೇ ನಿಲ್ಲಲೂ ಬೇಕು.

ಬೇಲಿಗೆ ಬಿಗಿಯುವ ಜಿಐ ತಂತಿ ಇದಕ್ಕಾಗದು, ಬಗ್ಗಿಸಿ ಕೈಬಿಟ್ಟರೆ ತುಸು ಹಿಂದಕ್ಕೆ ಬರುತ್ತದೆ. ತಾಮ್ರ ಮೊದಮೊದಲು ಮೃದು, ಬಗ್ಗಿಸುತ್ತ ಹೋದರೆ ಪೆಡಸಾಗುತ್ತದೆ. ಮೃದುವಾದ ಅಲ್ಯೂಮಿನಿಯಂ ತಂತಿಯೇ ಸರಿ. ಒಂದೂವರೆ ಮಿಲಿಮೀಟರಿನ ತಂತಿಯನ್ನು ಎರಡು ಮಡಿಕೆ ಮಾಡಿ, ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಡ್ರಿಲ್ ಮಷಿನ್ನಿಗೆ ಕಚ್ಚಿಸಿ ನಿಧಾನವಾಗಿ ಹುರಿ ಮಾಡಿದೆವು. ಎದೆ, ಸೊಂಟ, ತೊಡೆ, ತೋಳುಗಳಲ್ಲಿ ಕೀಲುಗಳ ನಡುವಿನ ಭಾಗಕ್ಕೆ ಎಂ-ಸೀಲ್ ಮೆತ್ತಿ ಗಟ್ಟಿ ಮೂಳೆ ಮಾಡಿದೆವು. ಕೀಲುಗಳಲ್ಲಿ ಮಾತ್ರ ತಂತಿ ಬರಿದಾಗಿರುತ್ತದೆ. ಹೀಗೆ ಮಾಡದಿದ್ದರೆ ತೋಳು ಮೊಣಕೈಯಲ್ಲಿ ಬಗ್ಗುವ ಬದಲು ಉದ್ದಕ್ಕೂ ಬಾಳೆದಿಂಡಿನಂತೆ ಬಳುಕುತ್ತದೆ. ಹೊಟ್ಟೆಗೆ ಥರ್ಮೊಕೋಲ್ ತುಂಡು ತುಂಬಿ, ಮೇಲೆ ದಾರ ಸುತ್ತಿ, ಅದರ ಮೇಲೆ ಮಣ್ಣನ್ನು ತೆಳ್ಳಗೆ ಹಚ್ಚುವುದು. ಭಾರ ಕಡಿಮೆಯಾದಷ್ಟೂ ಅಜ್ಜ ರಾತ್ರಿಯಿಡೀ ಕುಸಿಯದೆ ನಿಲ್ಲುತ್ತಾನೆ.

ಅಲ್ಯೂಮಿನಿಯಂ ಕೂಡ ಒಂದಲ್ಲ ಒಂದು ದಿನ ಮುರಿಯುತ್ತದೆ, ಅದೂ ಸಾಮಾನ್ಯವಾಗಿ ಶಾಟ್ ನಡುವೆ. ಕೀಲು ಹಿಡಿತ ಬಿಟ್ಟು ಸಡಿಲವಾಗಿ ಜೋತುಬಿದ್ದರೆ ಒಳಗೆ ಒಂದು ಎಳೆ ಹೋಗಿದೆ ಎಂದೇ ಅರ್ಥ. ಮುರಿಯುತ್ತದೆಂದು ಮೊದಲೇ ಒಪ್ಪಿಕೊಂಡು ಕಟ್ಟುವುದು ಒಳ್ಳೆಯದು. ಅಜ್ಜನ ಭುಜದ ಎಂ-ಸೀಲಿನೊಳಗೆ ಹಿತ್ತಾಳೆಯ ಚೌಕ ಕೊಳವೆಯ ಒಂದು ತುಂಡಿದೆ, ತೋಳಿನ ತುದಿಯಲ್ಲಿ ಅದರೊಳಗೆ ಸರಿಯಾಗಿ ಕೂರುವ ಚಿಕ್ಕ ಚೌಕ ಕೊಳವೆ. ಹಳೆಯ ತೋಳನ್ನು ಎಳೆದು ಹೊಸದನ್ನು ಸಿಕ್ಕಿಸಬಹುದು. ದುಂಡಗಿನ ಕೊಳವೆಯಾದರೆ ತೋಳು ತಿರುಗಿಬಿಡುತ್ತದೆ, ಚೌಕವಾದ್ದರಿಂದ ಕೂತ ದಿಕ್ಕಿಗೇ ಕೂರುತ್ತದೆ.

ನಡೆಯುವಾಗ ಅಜ್ಜ ಒಂಟಿ ಕಾಲಿನ ಮೇಲೆ ನಿಲ್ಲಬೇಕು. ಅದಕ್ಕೆ ಪಾದಗಳೊಳಗೆ ಒಂದೊಂದು ನಟ್ಟನ್ನು ಎಂ-ಸೀಲಿನಲ್ಲಿ ಹೂತಿದ್ದೇವೆ. ಸೆಟ್ಟಿನ ಪ್ಲೈವುಡ್ಡಿಗೆ ರಂಧ್ರ ಕೊರೆದು, ಕೆಳಗಿನಿಂದ ಬೋಲ್ಟು ತಿರುಗಿಸಿ ಪಾದವನ್ನು ಬಿಗಿಯುತ್ತೇವೆ. ಹೆಜ್ಜೆ ಎತ್ತಿದ ಮೇಲೆ ಖಾಲಿಯಾದ ರಂಧ್ರವನ್ನು ನೆಲದ ಬಣ್ಣದ ಮಣ್ಣಿನಿಂದ ಮುಚ್ಚುವುದು. ಹಾಗಾಗಿ ಅಜ್ಜ ಎಲ್ಲೆಲ್ಲಿ ಹೆಜ್ಜೆ ಇಡುತ್ತಾನೆ ಎಂಬುದು ನೆಲ ಕೊರೆಯುವ ದಿನವೇ ತೀರ್ಮಾನವಾಗಿರಬೇಕು. ಅದು ತೀರ್ಮಾನವಾಗಬೇಕಾದರೆ ಅವನು ಎಷ್ಟು ವೇಗವಾಗಿ ನಡೆಯುತ್ತಾನೆಂದು ತಿಳಿದಿರಬೇಕು.

ಸಿನಿಮಾ ಸೆಕೆಂಡಿಗೆ 24 ಫ್ರೇಮಿನಂತೆ ಓಡುತ್ತದೆ. ಮಣ್ಣಿನ ಗೊಂಬೆಯ ಕೆಲಸದಲ್ಲಿ ಸಾಮಾನ್ಯವಾಗಿ ಒಂದು ಭಂಗಿಯನ್ನು ಎರಡು ಫ್ರೇಮಿನಷ್ಟು ಹೊತ್ತು ತೋರಿಸುತ್ತಾರೆ, ಆದ್ದರಿಂದ ಸೆಕೆಂಡಿಗೆ ಹನ್ನೆರಡು ಭಂಗಿ. ಕಣ್ಣಿಗೆ ಅಷ್ಟು ಸಾಕು, ಕೆಲಸ ಅರ್ಧವಾಗುತ್ತದೆ. ಮೇಲಾಗಿ ಮಣ್ಣನ್ನು ಮುಟ್ಟುವುದು ಕಡಿಮೆಯಾದಷ್ಟೂ ಬೆರಳ ಗುರುತುಗಳು ಮೈಮೇಲೆ ಕುದಿಯುವಂತೆ ಕಾಣುವುದೂ ಕಡಿಮೆ. ಸರಸರ ನಡೆಯುವವರಿಗೆ ಹೆಜ್ಜೆಗೆ 12 ಫ್ರೇಮು. ಅಜ್ಜನಿಗೆ 16 ಕೊಟ್ಟೆವು, ಅಂದರೆ ಎಂಟು ಭಂಗಿ. ನಾಲ್ಕು ಹೆಜ್ಜೆಗೆ 64, ನಿಂತು ನೋಡಲು 16, ಬಗ್ಗಲು 40, ಎಸಳು ಹಿಡಿಯಲು 24, ಏಳಲು 48. ಕೂಡಿದರೆ 192, ಸರಿಯಾಗಿ ಎಂಟು ಸೆಕೆಂಡು, 96 ಭಂಗಿ.

ಭಂಗಿಗೆ ನಾಲ್ಕು ನಿಮಿಷವಾದರೆ ಇದು ಆರೂವರೆ ಗಂಟೆಗೆ ಹತ್ತಿರದ ಕೆಲಸ. ಒಂದೇ ಕೂರಿನಲ್ಲಿ ಮುಗಿಸಲು ಹೋದರೆ ಬೆನ್ನೂ ಸೋಲುತ್ತದೆ, ಇನ್ವರ್ಟರೂ ಸೋಲುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ಮುಂದುವರಿಸಿದರೆ, ಮೊಳೆ ಮತ್ತು ಬೂದು ರಟ್ಟು ಏನೇ ಹೇಳಲಿ, ಕುಸಿದ ಒಂದು ಭುಜವೋ ಸೀಳು ಬಿಟ್ಟ ಒಂದು ಹಲಗೆಯೋ ಆ ಜಾಗದಲ್ಲಿ ಜಿಗಿದು ಕಾಣುವ ಭಯ ಇದ್ದೇ ಇರುತ್ತದೆ. ಹಾಗಾಗಿ ರಾತ್ರಿಯನ್ನು ಕಟ್‌ನ ಒಳಗೆ ಬಚ್ಚಿಡುವುದು. ಅಜ್ಜ ನಡೆದು ಬಂದು ನಿಲ್ಲುವವರೆಗಿನ 80 ಫ್ರೇಮು ದೂರದಿಂದ ಒಂದು ಶಾಟ್. ಬಗ್ಗಿ ಏಳುವ 112 ಫ್ರೇಮು ಹತ್ತಿರದಿಂದ ಇನ್ನೊಂದು. ಮೊದಲನೆಯದಕ್ಕೆ 40 ಭಂಗಿ, ಎರಡು ಗಂಟೆ ನಲವತ್ತು ನಿಮಿಷ. ಎರಡನೆಯದಕ್ಕೆ 56 ಭಂಗಿ, ಸುಮಾರು ಮೂರು ಮುಕ್ಕಾಲು ಗಂಟೆ. ನೋಟದ ಕೋನವೇ ಬದಲಾದಾಗ ಬೆಳಕಿನ ತುಸು ವ್ಯತ್ಯಾಸವನ್ನು ಕಣ್ಣು ಲೆಕ್ಕಿಸುವುದಿಲ್ಲ. ಅದೇ ವ್ಯತ್ಯಾಸ ಒಂದೇ ಶಾಟ್ ನಡುವೆ ಬಂದರೆ ಕಣ್ಣು ಬಿಡುವುದಿಲ್ಲ.

ಲೆಕ್ಕ ಮುಗಿಯಿತೆಂದು ಅಕ್ಕನ ಮಗಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು. ಹೊರಗೆ ಅವ್ವ ಸೊಪ್ಪು ಬಿಡಿಸುತ್ತ ಕೂತಿದ್ದಳು. ಹುಡುಗಿ ಫೋನಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು, ‘ಅಜ್ಜೀ, ಒಂದ್ಸಲ ಎದ್ದು ಆ ಎಲೆ ಎತ್ಕೊಂಡು ನಿಂತ್ಕೊ’ ಅಂದಳು. ಅವ್ವ ಬಗ್ಗಿದ್ದು ನಾವು ಬರೆದುಕೊಂಡಷ್ಟೇ ಹೊತ್ತಿನಲ್ಲಿ. ಏಳುವಾಗ ಮಾತ್ರ ಮೊದಲು ಎಡಗೈಯನ್ನು ಮೊಣಕಾಲ ಮೇಲೆ ಊರಿದಳು, ಒಂದು ಕ್ಷಣ ಅಲ್ಲೇ ಇದ್ದು ಬಲ ತಂದುಕೊಂಡು, ಆಮೇಲೆ ಸೊಂಟ ಎತ್ತಿದಳು. ತಲೆ ಎಲ್ಲಕ್ಕಿಂತ ಕೊನೆಗೆ ಬಂತು. ನಮ್ಮ 48 ಫ್ರೇಮಿನ ಲೆಕ್ಕದಲ್ಲಿ ಆ ಕೈ ಊರುವುದಕ್ಕೆ ಜಾಗವೇ ಇರಲಿಲ್ಲ.

ಗೆರೆಯ ಕೆಳಗೆ ಹೊಸದಾಗಿ ಬರೆದೆವು: ಏಳಲು 60. ಹನ್ನೆರಡು ಫ್ರೇಮು ಹೆಚ್ಚು, ಅಂದರೆ ಆರು ಭಂಗಿ, ಇಪ್ಪತ್ತನಾಲ್ಕು ನಿಮಿಷ. ಎರಡನೆಯ ದಿನದ ಕೆಲಸ ನಾಲ್ಕು ಗಂಟೆ ದಾಟುತ್ತದೆ, ಮೊಣಕಾಲಿನ ಮೇಲೆ ಭಾರ ತಡೆಯಲು ಎಡತೋಳಿಗೆ ಇನ್ನೊಂದು ಎಳೆ ತಂತಿ ಸೇರಿಸಿ ಹುರಿ ಮಾಡಬೇಕು. ಕೋಣೆಯಲ್ಲಿ ಉಳಿದದ್ದೆಲ್ಲವನ್ನೂ ಅಷ್ಟು ಬಿಗಿಯಾಗಿ ಕಟ್ಟಿ ನಿಲ್ಲಿಸಿರುವುದು ಇಂಥ ಅರ್ಧ ಸೆಕೆಂಡು ಎದ್ದು ಕಾಣಲಿ ಎಂದೇ. ತಂತಿ ತರಲು ಸಂಜೆಯೇ ಪಟ್ಟಣಕ್ಕೆ ಹೊರಟೆವು.